ಪುಣೆಯಿಂದ ಜರ್ಮನಿಗೆ ಒಂದು ಸೆಮಿಸ್ಟರ್ ಹೋಗುವ ಕಾನೂನು ವಿದ್ಯಾರ್ಥಿಗಳಿಗೆ

ಇಲ್ಲಿ ನಾವು ತೀರ್ಪಿನಿಂದ ಶುರು ಮಾಡುತ್ತೇವೆ, ಅಲ್ಲಿ ಕಲಮಿನಿಂದ ಶುರು ಮಾಡುತ್ತಾರೆ. ಒಂದೇ ಸಂಗತಿ ತೆಗೆದುಕೊಳ್ಳಿ: ಬಾಟಲಿಯ ಪಾನೀಯದಲ್ಲಿ ಸತ್ತ ಬಸವನಹುಳು, ಕುಡಿದವಳಿಗೆ ಹೊಟ್ಟೆನೋವು.

ನಮ್ಮ ದಾರಿ: 1932ರ ಡೊನೊಹ್ಯೂ ವಿರುದ್ಧ ಸ್ಟೀವನ್ಸನ್ ಹಿಡಿದು, ತೀರ್ಪಿಗೆ ಆಧಾರವಾದ ಕಾರಣವನ್ನು ಬೇರ್ಪಡಿಸಿ, ನಮ್ಮ ಸಂಗತಿ ಅದಕ್ಕೆ ಹೊಂದುತ್ತದೋ ಇಲ್ಲವೋ ಎಂದು ವಾದಿಸುವುದು.

ಜರ್ಮನಿಯಲ್ಲಿ ಮೊದಲ ಸಾಲೇ ಪ್ರಶ್ನೆ: ನಾಗರಿಕ ಸಂಹಿತೆಯ 823(1)ನೇ ಕಲಮಿನಡಿ ಪರಿಹಾರ ಸಿಕ್ಕೀತೇ? ಆಮೇಲೆ ಆರೋಗ್ಯಕ್ಕೆ ಹಾನಿ, ಕೃತ್ಯ, ಕಾರಣಸಂಬಂಧ, ಕಾನೂನುಬಾಹಿರತೆ, ತಪ್ಪು, ನಷ್ಟ. ಪ್ರತಿ ಅಂಶಕ್ಕೂ ವ್ಯಾಖ್ಯೆ ಕೊಟ್ಟು, ಸಂಗತಿಗೆ ಅನ್ವಯಿಸಿ, ಫಲಿತಾಂಶ ಬರೆಯಬೇಕು. ನಮ್ಮವರು ಅಂಕ ಕಳೆದುಕೊಳ್ಳುವುದು ಇಲ್ಲೇ: ಕಲಮು ಹೇಳದೆ ತೀರ್ಪುಗಳ ಸಾಲು ಜೋಡಿಸುತ್ತಾರೆ.

ಹಾಗೆಂದು ಅಲ್ಲಿ ತೀರ್ಪಿಗೆ ಬೆಲೆಯಿಲ್ಲ ಎಂದುಕೊಳ್ಳಬೇಡಿ. ತಯಾರಕನೇ ತನ್ನ ತಪ್ಪಿಲ್ಲವೆಂದು ಸಾಬೀತು ಮಾಡಬೇಕೆಂಬ ನಿಯಮ ಬಂದದ್ದು 1968ರ ಕೋಳಿರೋಗದ ತೀರ್ಪಿನಿಂದ. ಅದನ್ನು ‘ತಪ್ಪು’ ಎಂಬ ಅಂಶದಡಿ ಉಲ್ಲೇಖಿಸಿ, ಉತ್ತರದ ಆರಂಭದಲ್ಲಲ್ಲ.

ಹೊರಡುವ ಮುನ್ನ ಗೋವಾದ ಉದಾಹರಣೆ ಓದಿ, ಇದಕ್ಕಿಂತ ಒಳ್ಳೆಯ ಅಭ್ಯಾಸವಿಲ್ಲ. ಗೋವನ್ನರ ಮುಂಬೈ ಆಸ್ತಿಯ ಉತ್ತರಾಧಿಕಾರಕ್ಕೂ 1867ರ ಪೋರ್ಚುಗೀಸ್ ನಾಗರಿಕ ಸಂಹಿತೆಯೇ ಅನ್ವಯವೆಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿತು. ಪಠ್ಯ ಸಂಹಿತೆಯದು, ಆದರೆ ಆ ಓದು ಕೆಳಗಿನ ಕೋರ್ಟುಗಳನ್ನು ಕಟ್ಟಿಹಾಕುವುದು ಸಂವಿಧಾನದ 141ನೇ ವಿಧಿಯಿಂದ. ಅದೇ ತೀರ್ಪನ್ನು ಎರಡೂ ಶೈಲಿಯಲ್ಲಿ ಒಂದೊಂದು ಪುಟ ಬರೆದು ತನ್ನಿ, ತಿದ್ದಿಕೊಡುತ್ತೇವೆ.