ಪ್ರಿಲಿಮ್ಸ್ ನೋಟ್ಸ್: ಕಾವೇರಿಯಿಂದ ಕಬ್ಬಿನವರೆಗೆ

ಸರಸ್ವತಿಪುರಂ ರೂಮಿನ ನಾಲ್ವರಿಗೆ. ತಿಂಗಳ ಪ್ರಕಾರ ಓದಿದರೆ ತಲೆಯಲ್ಲಿ ನಿಲ್ಲಲ್ಲ. ಅದಕ್ಕೇ ವಿಷಯವಾರು ಮಾಡಿದ್ದೀನಿ, ನಮ್ಮೂರ ಸುದ್ದಿಯಿಂದಲೇ ಶುರು. ಅಂಕಿಗಿಂತ "ಯಾರು ಮಾಡಿದ್ದು, ಯಾವ ಕಾಯ್ದೆಯಲ್ಲಿ" ಅನ್ನೋದಕ್ಕೆ ಅಡಿಗೆರೆ ಹಾಕಿಕೊಳ್ಳಿ. ನಾವು ಜಾರೋದು ಅಲ್ಲೇ.

ನೀರು

ಸಂವಿಧಾನದ 262ನೇ ವಿಧಿ: ಅಂತಾರಾಜ್ಯ ನದಿ ವಿವಾದದಲ್ಲಿ ಸುಪ್ರೀಂ ಕೋರ್ಟಿನ ಅಧಿಕಾರವನ್ನು ಸಂಸತ್ತು ಕಾಯ್ದೆ ಮೂಲಕ ತೆಗೆಯಬಹುದು. 1956ರ ಕಾಯ್ದೆ ಬಂದದ್ದು ಇದರಡಿ. ಹಾಗಾದರೆ ಕಾವೇರಿ ಕೇಸು ಸುಪ್ರೀಂ ಕೋರ್ಟಿಗೆ ಹೋಗಿದ್ದು ಹೇಗೆ? 136ನೇ ವಿಧಿಯ ವಿಶೇಷ ಮೇಲ್ಮನವಿ ಮೂಲಕ. ಮೇಲ್ಮನವಿ ಕೇಳಬಹುದು ಅಂತ 2016ರ ಡಿಸೆಂಬರಿನಲ್ಲಿ ಕೋರ್ಟೇ ಹೇಳಿತು. ಈ ಎರಡು ವಿಧಿಗಳನ್ನು ಜೊತೆಗೇ ಓದಿ.

ನ್ಯಾಯಮಂಡಳಿ ರಚನೆ 1990, ಅಂತಿಮ ಐತೀರ್ಪು 2007. ಒಟ್ಟು ಲೆಕ್ಕ 740 ಟಿಎಂಸಿ. 2018ರ ಫೆಬ್ರವರಿ 16ರ ತೀರ್ಪಿನಲ್ಲಿ ಕರ್ನಾಟಕದ ಪಾಲು 270ರಿಂದ 284.75ಕ್ಕೆ ಏರಿತು, ತಮಿಳುನಾಡಿನದು 419ರಿಂದ 404.25ಕ್ಕೆ ಇಳಿಯಿತು. ಕೇರಳ 30, ಪುದುಚೇರಿ 7, ಹಾಗೇ ಉಳಿದವು. ಆ 14.75ರಲ್ಲಿ 4.75 ಬೆಂಗಳೂರಿನ ಕುಡಿಯುವ ನೀರಿಗೆ. ಉಳಿದ 10 ತಮಿಳುನಾಡಿನ ಅಂತರ್ಜಲವನ್ನು ಲೆಕ್ಕಕ್ಕೆ ಹಿಡಿದಿದ್ದರಿಂದ ಸಿಕ್ಕಿದ್ದು. ಬಿಳಿಗುಂಡ್ಲುವಿನಲ್ಲಿ ನಾವು ಬಿಡಬೇಕಾದದ್ದು 192ರ ಬದಲು 177.25.

ನಿರ್ವಹಣಾ ಪ್ರಾಧಿಕಾರ ಬಂದದ್ದು 2018ರ ಜೂನ್‌ನಲ್ಲಿ, 1956ರ ಕಾಯ್ದೆಯ 6ಎ ಸೆಕ್ಷನ್ ಅಡಿ. ಅದರ ಕೆಳಗೆ ನಿಯಂತ್ರಣ ಸಮಿತಿ. ಇವೆರಡೂ ನ್ಯಾಯಮಂಡಳಿ ಅಲ್ಲ, ಗೊಂದಲ ಬೇಡ.

ಟಿಎಂಸಿ ನೀರಿನ ಪ್ರಮಾಣ, ಕ್ಯೂಸೆಕ್ ಅಂದರೆ ಸೆಕೆಂಡಿಗೆ ಎಷ್ಟು ಘನ ಅಡಿ ಹರಿಯುತ್ತೆ ಅನ್ನೋದು. 2023ರ ಆಗಸ್ಟ್ ಕೊನೆಯಲ್ಲಿ 15 ದಿನ 5,000 ಕ್ಯೂಸೆಕ್ ಬಿಡಿ ಅಂದರಲ್ಲ, ಒಟ್ಟು ಎಷ್ಟು? 5,000 × 86,400 × 15, ಅಂದರೆ ಸುಮಾರು 6.5 ಟಿಎಂಸಿ. ಕೆಆರ್‌ಎಸ್ ತುಂಬಿದರೆ 124.80 ಅಡಿ, 49.45 ಟಿಎಂಸಿ. ಮಂಡ್ಯ ಬಂದ್ ಯಾಕೆ ಆಯ್ತು ಅಂತ ಈಗ ಗೊತ್ತಾಯ್ತಲ್ವಾ?

ಲಿಥಿಯಂ

ಹೋದ ಮಾಕ್ ಟೆಸ್ಟಿನಲ್ಲಿ ನಾನೇ ಎಡವಿದ್ದು ಇಲ್ಲಿ. ನಮ್ಮ ಜಿಲ್ಲೆಯಲ್ಲೇ ಸಿಕ್ಕಿದ್ದು, ನಾನೇ ತಪ್ಪು ಬರೆದೆ! ಮಂಡ್ಯದ ಮರ್ಲಗಲ್ಲ ಕಡೆ 1,600 ಟನ್ ಅಂದಾಜು ಮಾಡಿದ್ದು ಪರಮಾಣು ಖನಿಜ ನಿರ್ದೇಶನಾಲಯ. ಅದು ಪರಮಾಣು ಇಂಧನ ಇಲಾಖೆಯದು. ಜಮ್ಮು-ಕಾಶ್ಮೀರದ ರಿಯಾಸಿಯ 59 ಲಕ್ಷ ಟನ್ ಹೇಳಿದ್ದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ, ಗಣಿ ಸಚಿವಾಲಯದ್ದು. ನಾನು ಎರಡಕ್ಕೂ ಒಂದೇ ಸಂಸ್ಥೆ ಅಂತ ಟಿಕ್ ಹಾಕಿದ್ದೆ.

2023ರ ಗಣಿ ಕಾಯ್ದೆ ತಿದ್ದುಪಡಿ ಲಿಥಿಯಂ ಸೇರಿ ಆರು ಖನಿಜಗಳನ್ನು ಪರಮಾಣು ಖನಿಜ ಪಟ್ಟಿಯಿಂದ ಹೊರಗೆ ತಂದಿತು. ಜೊತೆಗೆ 24 ನಿರ್ಣಾಯಕ ಖನಿಜಗಳ ಹರಾಜು ಕೇಂದ್ರದ ಕೈಗೆ ಹೋಯಿತು. ಹಣ ಮಾತ್ರ ರಾಜ್ಯಕ್ಕೇ. ಈ ಕೊನೆ ಸಾಲನ್ನೇ ತಿರುಚಿ ಕೇಳಬಹುದು.

ಕಾಡು, ಹಕ್ಕಿ

ಹುಲಿ ಸಂಖ್ಯೆ 3,167ಓ 3,682ಓ? ಎರಡೂ 2022ರ ಗಣತಿಯವೇ. ಮೊದಲನೆಯದು ಕನಿಷ್ಠ ಸಂಖ್ಯೆ, 2023ರ ಏಪ್ರಿಲ್ 9ರಂದು ನಮ್ಮ ಮೈಸೂರಿನಲ್ಲೇ ಪ್ರಧಾನಿ ಬಿಡುಗಡೆ ಮಾಡಿದ್ದು. ಎರಡನೆಯದು ಜುಲೈನಲ್ಲಿ ಬಂದ ಸರಾಸರಿ ಅಂದಾಜು. ಮಧ್ಯಪ್ರದೇಶ 785, ಕರ್ನಾಟಕ 563, ಉತ್ತರಾಖಂಡ 560. ಅಂತಾರಾಷ್ಟ್ರೀಯ ಬಿಗ್ ಕ್ಯಾಟ್ ಒಕ್ಕೂಟ ಶುರುವಾದದ್ದೂ ಅದೇ ದಿನ, ಅದೇ ಮೈಸೂರಿನಲ್ಲಿ. ಏಳು ಪ್ರಾಣಿಗಳಲ್ಲಿ ಜಾಗ್ವಾರ್, ಪೂಮಾ ನಮ್ಮ ಕಾಡಿನಲ್ಲಿಲ್ಲ.

ರಂಗನತಿಟ್ಟನ್ನು ಮೈಸೂರಿನವರು ನಮ್ದು ಅಂತಾರೆ, ಆದರೆ ಅದಿರೋದು ಮಂಡ್ಯ ಜಿಲ್ಲೆಯಲ್ಲಿ. ರಾಜ್ಯದ ಮೊದಲ ರಾಮ್ಸಾರ್ ತಾಣ, 2022. ಆಮೇಲೆ 2024ರಲ್ಲಿ ಮಾಗಡಿ ಕೆರೆ (ಗದಗ, ನಮ್ಮ ಪಕ್ಕದ ಮಾಗಡಿ ಅಲ್ಲ!), ಅಂಕಸಮುದ್ರ, ಅಘನಾಶಿನಿ ಅಳಿವೆ.

ಪರಂಪರೆ

ಬೇಲೂರು, ಹಳೇಬೀಡು, ಸೋಮನಾಥಪುರ, 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೊ ಪಟ್ಟಿಗೆ. ಭಾರತದ 42ನೆಯದು. 41 ಶಾಂತಿನಿಕೇತನ. ಮೂರರಲ್ಲಿ ಸೋಮನಾಥಪುರವೊಂದೇ ಮೈಸೂರು ಜಿಲ್ಲೆಯದು, ಕಾಲ 1268, ಮೂರನೇ ನರಸಿಂಹನ ದಂಡನಾಯಕ ಸೋಮನಾಥ ಕಟ್ಟಿಸಿದ್ದು. ಇಷ್ಟು ಸಾಕು.

ಕಬ್ಬು

ಅಪ್ಪ ಮೂವತ್ತು ವರ್ಷದಿಂದ ಬೆಳೀತಿದ್ದಾರೆ. ಎಫ್‌ಆರ್‌ಪಿ ಯಾರು ಕೊಡೋದು ಅಂದರೆ "ಫ್ಯಾಕ್ಟ್ರಿಯವರು" ಅಂತಾರೆ. ಕೊಡೋದು ಅವರೇ ಸರಿ, ಆದರೆ ನಿಗದಿ ಮಾಡೋದು ಕೇಂದ್ರ. ಕೃಷಿ ವೆಚ್ಚ ಮತ್ತು ಬೆಲೆ ಆಯೋಗ ಶಿಫಾರಸು ಮಾಡುತ್ತೆ, ಆರ್ಥಿಕ ವ್ಯವಹಾರಗಳ ಸಂಪುಟ ಸಮಿತಿ ಒಪ್ಪುತ್ತೆ. 2015ರ ಪ್ರಿಲಿಮ್ಸ್‌ನಲ್ಲಿ ಇದೇ ಪ್ರಶ್ನೆ ಬಂದಿತ್ತು. 2025-26ಕ್ಕೆ ಕ್ವಿಂಟಲಿಗೆ 355 ರೂಪಾಯಿ, 10.25% ಇಳುವರಿಗೆ. ಆಧಾರ 1966ರ ಕಬ್ಬು ನಿಯಂತ್ರಣ ಆದೇಶ. 14 ದಿನದೊಳಗೆ ಹಣ ಕೊಡಬೇಕು ಅಂತಲೂ ಅದರಲ್ಲೇ ಇದೆ. ಅಪ್ಪನಿಗೆ ಇದನ್ನ ಓದಿ ಹೇಳಿದೆ, ನಕ್ಕುಬಿಟ್ಟರು.

ಬಿಡಿ ಸಂಗತಿ

ಮತದಾನದ ಶಾಯಿ: ಮೈಸೂರು ಪೇಂಟ್ಸ್, ರಾಜ್ಯ ಸರ್ಕಾರದ್ದು, ಸಿಲ್ವರ್ ನೈಟ್ರೇಟ್ ಇರುತ್ತೆ. ಮೈಸೂರಿನ ನೋಟು ಮುದ್ರಣಾಲಯ ರಿಸರ್ವ್ ಬ್ಯಾಂಕಿನ ಅಂಗಸಂಸ್ಥೆಯದು. ಪಶ್ಚಿಮ ಬಂಗಾಳದ ಸಾಲ್ಬೊನಿಯದೂ ಅದರದ್ದೇ. ನಾಸಿಕ್, ದೇವಾಸ್ ಕೇಂದ್ರ ಸರ್ಕಾರದ ಕಂಪನಿಯವು.