ಪಾತ್ರೆ ಅಂಗಡಿಯ ಜಿಎಸ್‌ಟಿ ಬಿಲ್: ಎಕ್ಸೆಲ್‌ನಲ್ಲಿ ಟೇಬಲ್ ಕಟ್ಟುವ ಕ್ರಮ

ಹುಬ್ಬಳ್ಳಿಯ ಪಾತ್ರೆ ಅಂಗಡಿಯೊಂದು ಧಾರವಾಡದ ಹೋಟೆಲಿಗೆ ಮೂರು ಬಗೆಯ ಸಾಮಾನು ಮಾರಿದೆ. ಸ್ಟೀಲ್ ಪಾತ್ರೆ ಮತ್ತು ಅಲ್ಯೂಮಿನಿಯಂ ಕುಕ್ಕರಿಗೆ 5%, ಮಿಕ್ಸಿಗೆ 18%. ಪಾತ್ರೆಗೆ ಹಿಂದೆ ಇದ್ದ 12% ದರ 2025ರ ಸೆಪ್ಟೆಂಬರ್ 22ರಿಂದ ಇಲ್ಲ. ಹಳೆಯ ಬಿಲ್ಲಿನ ಫೈಲನ್ನೇ ಕಾಪಿ ಮಾಡುವವರು ಮೊದಲು ಆ ಕಾಲಂ ನೋಡಿಕೊಳ್ಳಬೇಕು.

B2ರಲ್ಲಿ ಅಂಗಡಿಯ ರಾಜ್ಯದ ಕೋಡ್, B3ರಲ್ಲಿ ಪೂರೈಕೆಯ ಸ್ಥಳದ ಕೋಡ್ ಬರೆಯಿರಿ. ಇಲ್ಲಿ ಎರಡೂ 29, ಅಂದರೆ ಕರ್ನಾಟಕ. ಟೈಪ್ ಮಾಡುವ ಮೊದಲೇ ಎರಡೂ ಸೆಲ್‌ಗಳನ್ನು ಟೆಕ್ಸ್ಟ್ ಫಾರ್ಮ್ಯಾಟಿಗೆ ಹಾಕಿ. ಒಂದು ಟೆಕ್ಸ್ಟ್, ಇನ್ನೊಂದು ನಂಬರ್ ಆದರೆ ಕಣ್ಣಿಗೆ ಎರಡೂ 29 ಎಂದೇ ಕಂಡರೂ ಎಕ್ಸೆಲ್‌ಗೆ ಅವು ಬೇರೆ ಬೇರೆ. ಆಗ ರಾಜ್ಯದೊಳಗಿನ ಮಾರಾಟಕ್ಕೂ ಐಜಿಎಸ್‌ಟಿ ಬಿದ್ದುಬಿಡುತ್ತದೆ. ದೆಹಲಿಯ 07ರಲ್ಲಿ ಮುಂದಿನ ಸೊನ್ನೆ ಉಳಿಯುವುದೂ ಟೆಕ್ಸ್ಟ್ ಆಗಿದ್ದರೆ ಮಾತ್ರ.

ಐದನೇ ಸಾಲಿನಲ್ಲಿ ತಲೆಬರಹ, ಆರರಿಂದ ಎಂಟರವರೆಗೆ ಸಾಮಾನು, ಒಂಬತ್ತರಲ್ಲಿ ಮೊತ್ತ. A ಕಾಲಂ ಕ್ರಮಸಂಖ್ಯೆಗೆ.

| B ವಿವರ | C ಎಚ್‌ಎಸ್‌ಎನ್ | D ಸಂಖ್ಯೆ | E ಬೆಲೆ | F ರಿಯಾಯಿತಿ | G ತೆರಿಗೆಯೋಗ್ಯ ಮೌಲ್ಯ | H ದರ | I ಸಿಜಿಎಸ್‌ಟಿ | J ಎಸ್‌ಜಿಎಸ್‌ಟಿ | K ಐಜಿಎಸ್‌ಟಿ | L ಸಾಲಿನ ಒಟ್ಟು |
|---|---|---|---|---|---|---|---|---|---|---|
| ಸ್ಟೀಲ್ ಪಾತ್ರೆ | 7323 | 24 | 385.00 | 5% | 8,778.00 | 5% | 219.45 | 219.45 | 0.00 | 9,216.90 |
| ಮಿಕ್ಸಿ | 8509 | 3 | 4,249.00 | 8% | 11,727.24 | 18% | 1,055.45 | 1,055.45 | 0.00 | 13,838.14 |
| ಕುಕ್ಕರ್ | 7615 | 6 | 1,635.00 | 0% | 9,810.00 | 5% | 245.25 | 245.25 | 0.00 | 10,300.50 |
| ಮೊತ್ತ | | | | | 30,315.24 | | 1,520.15 | 1,520.15 | 0.00 | 33,355.54 |

ಒಂಬತ್ತನೇ ಸಾಲಿನ G9ರಲ್ಲಿ =SUM(G6:G8) ಹಾಕಿ, I, J, K, L ಕಾಲಂಗಳಿಗೂ ಹಾಗೆಯೇ. ಆರನೇ ಸಾಲಿಗೆ ಈ ಸೂತ್ರಗಳನ್ನು ಹಾಕಿ ಎಂಟರವರೆಗೆ ಕೆಳಕ್ಕೆ ಎಳೆಯಿರಿ:

```
G6: =ROUND(D6*E6*(1-F6),2)
I6: =IF($B$2=$B$3,ROUND(G6*H6/2,2),0)
J6: =I6
K6: =IF($B$2=$B$3,0,ROUND(G6*H6,2))
L6: =SUM(G6,I6:K6)
```

ರಿಯಾಯಿತಿ ಕಳೆದ ಮೇಲೆಯೇ ತೆರಿಗೆ ಲೆಕ್ಕ. ಮಾರುವಾಗಲೇ ಕೊಟ್ಟು ಬಿಲ್ಲಿನಲ್ಲಿ ತೋರಿಸಿದ ರಿಯಾಯಿತಿಯನ್ನು ತೆರಿಗೆಯೋಗ್ಯ ಮೌಲ್ಯಕ್ಕೆ ಸೇರಿಸಬೇಕಿಲ್ಲ. ಪ್ಯಾಕಿಂಗ್ ಚಾರ್ಜ್ ಹಾಗಲ್ಲ, ಅದು ಮೌಲ್ಯದ ಭಾಗ. ತೆರಿಗೆ ಹಾಕಿಯಾದ ಮೇಲೆ ಅದನ್ನು ಕೊನೆಗೆ ಕೂಡಿಸುವುದು ತಪ್ಪು.

ROUND ಬಿಟ್ಟು ಬರೀ ಎರಡು ದಶಮಾಂಶ ಕಾಣುವ ಹಾಗೆ ಫಾರ್ಮ್ಯಾಟ್ ಮಾಡಿದರೆ ಸಾಲದು. ಮಿಕ್ಸಿಯ ಸಿಜಿಎಸ್‌ಟಿ ನಿಜಕ್ಕೆ 1055.4516. ಕಾಣುವುದು 1,055.45, ಆದರೆ SUM ಕೂಡಿಸುವುದು ಅಡಗಿರುವ ಅಂಕಿಯನ್ನೂ ಸೇರಿಸಿ. ನಲವತ್ತು ಸಾಲಿನ ಬಿಲ್ಲಿನಲ್ಲಿ ಇದು ಕೆಲವು ಪೈಸೆಗೆ ಬೆಳೆಯುತ್ತದೆ, ಕ್ಯಾಲ್ಕ್ಯುಲೇಟರ್ ಹಿಡಿದ ಗಿರಾಕಿ ಕೇಳಿಯೇ ಕೇಳುತ್ತಾನೆ. ಇನ್ನೊಂದು ಮಾತು: 333.30 ರೂಪಾಯಿಗೆ 5% ಐಜಿಎಸ್‌ಟಿ 16.67, ಅದೇ ಎರಡು ಭಾಗವಾದರೆ 8.33 ಮತ್ತು 8.33, ಕೂಡಿದರೆ 16.66. ಈ ಒಂದು ಪೈಸೆ ತಪ್ಪಲ್ಲ. ಸಿಜಿಎಸ್‌ಟಿ ಮತ್ತು ಎಸ್‌ಜಿಎಸ್‌ಟಿ ಸಮನಾಗಿರುವುದೇ ಮುಖ್ಯ, ಅದಕ್ಕೇ J6ರಲ್ಲಿ ಬೇರೆ ಲೆಕ್ಕವಿಲ್ಲ.

H ಕಾಲಂಗೆ ಡೇಟಾ ವ್ಯಾಲಿಡೇಶನ್‌ನಲ್ಲಿ ಈ ಅಂಗಡಿಗೆ ಬೇಕಾದ 0%, 5%, 18% ಮಾತ್ರ ಕೊಡಿ. ಇಲ್ಲದಿದ್ದರೆ ಸಾದಾ ಸೆಲ್ಲಿನಲ್ಲಿ ಯಾರಾದರೂ 5 ಎಂದು ಒತ್ತಿದಾಗ ಅದು 500% ಆಗಿ ಲೆಕ್ಕಕ್ಕೆ ಹೋಗುತ್ತದೆ.

ಬೆಲೆ ತೆರಿಗೆ ಸೇರಿದ್ದಾದರೆ G ಕಾಲಂನ ಸೂತ್ರ ಬದಲಾಗಬೇಕು:

```
G6: =ROUND(D6*E6*(1-F6)/(1+H6),2)
```

4,249 ತೆರಿಗೆ ಸೇರಿದ ಬೆಲೆ ಎಂದಿಟ್ಟುಕೊಳ್ಳಿ. 1.18ರಿಂದ ಭಾಗಿಸಿದರೆ ಮೌಲ್ಯ 3,600.85. ಬಹಳ ಜನ 4,249ರಲ್ಲಿ 18% ತೆಗೆದು 3,484.18 ಎಂದು ಬರೆಯುತ್ತಾರೆ. ತೆರಿಗೆ ಹಾಕಬೇಕಾದ್ದು ಮೂಲ ಮೌಲ್ಯದ ಮೇಲೆ, ಹಾಗಾಗಿ ಅದು ತಪ್ಪು.

ಮೊತ್ತದ ಕೆಳಗೆ ರೌಂಡ್ ಆಫ್‌ಗೆ ಪ್ರತ್ಯೇಕ ಸಾಲು. ಅದನ್ನು ಯಾವುದೋ ಒಂದು ಸಾಮಾನಿನ ಬೆಲೆಯೊಳಗೆ ತುರುಕಬೇಡಿ.

```
L10: =ROUND(L9,0)-L9
L11: =L9+L10
N9:  =ROUND(G9+I9+J9+K9-L9,2)
```

L10ರಲ್ಲಿ 0.46, L11ರಲ್ಲಿ 33,356.00 ಬರಬೇಕು. N9 ಪ್ರಿಂಟಿಗೆ ಬರುವುದಿಲ್ಲ, ತಾಳೆಗೆ ಮಾತ್ರ: ಸೊನ್ನೆ ಬಿಟ್ಟು ಬೇರೆ ಏನು ಕಂಡರೂ ಎಲ್ಲೋ ಸೂತ್ರದ ಮೇಲೆ ಅಂಕಿ ಟೈಪ್ ಆಗಿದೆ ಅಥವಾ ಹೊಸ ಸಾಲೊಂದು ಯಾವುದೋ ಕಾಲಂನ SUM ವ್ಯಾಪ್ತಿಯ ಹೊರಗುಳಿದಿದೆ.

ಜಿಎಸ್‌ಟಿಆರ್-1ರಲ್ಲಿ ಬಿಲ್ಲಿನ ತೆರಿಗೆಯೋಗ್ಯ ಮೌಲ್ಯವನ್ನು ದರವಾರು ತುಂಬಬೇಕು. ಅದಕ್ಕೆ ಪಕ್ಕದಲ್ಲೇ ಇದನ್ನಿಡಿ:

```
=SUMIF($H$6:$H$8,5%,$G$6:$G$8)
=SUMIF($H$6:$H$8,18%,$G$6:$G$8)
```

ಉತ್ತರ 18,588.00 ಮತ್ತು 11,727.24. ಕೂಡಿದರೆ G9.

ಎಸ್‌ಇಝಡ್ ಘಟಕಕ್ಕೆ ಮಾರುವಾಗ ಈ ಟೇಬಲ್ಲನ್ನು ನಂಬಬೇಡಿ. ಘಟಕ ಕರ್ನಾಟಕದಲ್ಲೇ ಇದ್ದರೂ ಅದು ಅಂತರರಾಜ್ಯ ಪೂರೈಕೆ. ಕೋಡ್ ಎರಡೂ 29 ಇರುವುದರಿಂದ ಸೂತ್ರ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿಯನ್ನೇ ಹಾಕುತ್ತದೆ. ಅಂಥ ಬಿಲ್ಲಿಗೆ ಬೇರೆ ಶೀಟ್ ಇಟ್ಟುಕೊಳ್ಳಿ.