ವಾರ್ಷಿಕೋತ್ಸವದ ಫೋಟೊಗಳಲ್ಲಿ ಮಕ್ಕಳ ವೇಷ ತಿದ್ದಿಸಲು ಒಪ್ಪಿಗೆ ಕೋರಿ ಪೋಷಕರಿಗೆ ಪತ್ರ

ದಿನಾಂಕ: 5 ಜನವರಿ 2026, ಸೋಮವಾರ

ಇವರಿಗೆ: 4ನೇ ತರಗತಿ 'ಬಿ' ವಿಭಾಗದ ಮಕ್ಕಳ ತಂದೆ ತಾಯಿ ಹಾಗೂ ಪೋಷಕರು

ಮಾನ್ಯರೇ, ನಮಸ್ಕಾರ.

ಡಿಸೆಂಬರ್ 20ರ ವಾರ್ಷಿಕೋತ್ಸವದ ಫೋಟೊಗಳು ಬಂದಿವೆ. ನಮ್ಮ ತರಗತಿಯವೇ 212 ಇವೆ. ಮೊನ್ನೆ ಶನಿವಾರ ಮಧ್ಯಾಹ್ನ ಪೂರ್ತಿ ಕೂತು ಒಂದೊಂದಾಗಿ ನೋಡಿದೆ. ಗಿಳಿಗಳ ನೃತ್ಯ ತುಂಬಾ ಚೆನ್ನಾಗಿ ಬಂದಿದೆ. ನಾಟಕದ ಒಂದು ಫೋಟೊದಲ್ಲಿ ಮಂತ್ರಿಯ ಮೀಸೆ ಬೆವರಿಗೆ ಅಂಟು ಬಿಟ್ಟು ಗದ್ದಕ್ಕೆ ಇಳಿದಿದೆ. ಮಂತ್ರಿಗೆ ಅದರ ಪರಿವೆಯೇ ಇಲ್ಲ, ಬೆರಳೆತ್ತಿ ರಾಜನಿಗೆ ಬುದ್ಧಿ ಹೇಳುತ್ತಿದ್ದಾನೆ!

ಈಗ ಈ ಪತ್ರ ಬರೆದ ಕಾರಣ. 212ರಲ್ಲಿ 19 ಫೋಟೊಗಳಲ್ಲಿ ಮಕ್ಕಳ ಬಟ್ಟೆಗೆ ಸಂಬಂಧಿಸಿದ ತೊಂದರೆ ಇದೆ. ಶಾಲೆಯ ವಾರ್ಷಿಕ ಸಂಚಿಕೆಗೂ ವರಾಂಡದ ಬೋರ್ಡಿಗೂ ಹಾಕುವ ಮೊದಲು ಅವನ್ನು ಕಂಪ್ಯೂಟರಿನಲ್ಲಿ ತಿದ್ದಿಸೋಣ ಅಂತಿದ್ದೇವೆ. ಆದರೆ ಫೋಟೊದಲ್ಲಿರುವುದು ನಿಮ್ಮ ಮಗು. ಅದರ ಮೈಮೇಲಿನ ಬಟ್ಟೆಯನ್ನು, ಚಿತ್ರದಲ್ಲೇ ಆಗಲಿ, ನಿಮ್ಮನ್ನು ಕೇಳದೆ ಮುಟ್ಟಬಾರದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ 18 ವರ್ಷ ತುಂಬದವರ ಮಾಹಿತಿಯ ವಿಷಯದಲ್ಲಿ ತಂದೆ ತಾಯಿಯ ಒಪ್ಪಿಗೆ ಕೇಳುತ್ತದೆ.

ಕಾಯ್ದೆ ಇಲ್ಲದಿದ್ದರೂ ಈ ಸಲ ಕೇಳುತ್ತಿದ್ದೆ. ಕಳೆದ ವರ್ಷ ಒಂದು ತಪ್ಪು ಮಾಡಿದ್ದೇನೆ. ಗುಂಪು ಫೋಟೊದಲ್ಲಿ ಎಲ್ಲರ ಲಂಗ ಒಂದೇ ಥರ ಕಾಣಲಿ ಅಂತ ಬಣ್ಣ ಬದಲಿಸಲು ಹೇಳಿದ್ದೆ. ಯಾರನ್ನೂ ಕೇಳಿರಲಿಲ್ಲ. ಸಂಚಿಕೆ ಹಂಚಿದ ದಿನ ಒಬ್ಬ ಹುಡುಗಿ ಆ ಪುಟದಲ್ಲಿ ಬೆರಳಿಟ್ಟುಕೊಂಡು ನನ್ನ ಮೇಜಿನ ಹತ್ತಿರ ಬಂದಳು. "ಮಿಸ್, ಇದು ನನ್ನ ಲಂಗ ಅಲ್ಲ. ನನ್ನದು ಅಜ್ಜಿ ಸೀರೇಲಿ ಹೊಲಿದಿದ್ದು" ಅಂದಳು. ಹೌದು, ಅವಳ ಲಂಗಕ್ಕೆ ಅಗಲವಾದ ಬೇರೆ ಅಂಚಿತ್ತು. ಅದನ್ನೇ ನಾವು ಅಳಿಸಿ ಹಾಕಿದ್ದೆವು. ಅಷ್ಟೂ ಪ್ರತಿ ಅಚ್ಚಾಗಿ ಹೋಗಿತ್ತು, ಸರಿಮಾಡುವ ಹಾಗಿರಲಿಲ್ಲ.

19ರಲ್ಲಿ ನನಗೆ ಹೆಚ್ಚು ಚಿಂತೆ ಇರುವುದು 7 ಫೋಟೊಗಳದ್ದು. ನಾಟಕದಲ್ಲಿ ಋಷಿಗಳಾಗಿದ್ದ 6 ಮಕ್ಕಳ ಬಿಳಿ ಪಂಚೆ ತೆಳುವಾಗಿತ್ತು. ಹಿಂದಿನಿಂದ ಸ್ಟೇಜ್ ಲೈಟು, ಮುಂದಿನಿಂದ ಫ್ಲ್ಯಾಶು. ಸಭೆಯಲ್ಲಿ ಕೂತಿದ್ದ ನಮ್ಮ ಕಣ್ಣಿಗೆ ಏನೂ ಕಾಣಲಿಲ್ಲ, ಕ್ಯಾಮೆರಾದಲ್ಲಿ ಮಾತ್ರ ಒಳಗಿನ ಚಡ್ಡಿ ಎದ್ದು ಕಾಣುತ್ತಿದೆ. ಅದೇ ಪಂಚೆಯ ದಟ್ಟ ನೆರಿಗೆಗಳ ಬಿಳಿಯನ್ನು ತೆಗೆದು ಆ ಜಾಗಕ್ಕೆ ತುಂಬುತ್ತಾರೆ. ಬಟ್ಟೆ ದಪ್ಪಗಿದ್ದಿದ್ದರೆ ಹೇಗೆ ಕಾಣುತ್ತಿತ್ತೋ ಹಾಗೆ, ಅಷ್ಟೇ. ಈ 7ಕ್ಕೆ ಒಂದು ನಿಯಮ: ಫೋಟೊದಲ್ಲಿರುವ ಯಾವ ಋಷಿಯ ಮನೆಯವರು ತಿದ್ದುವುದು ಬೇಡ ಅಂದರೂ ಆ ಫೋಟೊ ಎಲ್ಲಿಯೂ ಬರುವುದಿಲ್ಲ. ಇದ್ದ ಹಾಗೇ ಅಚ್ಚು ಹಾಕುವ ಮಾತೇ ಇಲ್ಲ.

ಇನ್ನು 4 ಫೋಟೊಗಳಲ್ಲಿ ಗಿಳಿಗಳ ಕುಪ್ಪಸ ಭುಜದಿಂದ ಜಾರಿದೆ, ಅದನ್ನು ಮೇಲಕ್ಕೆ ತರಬೇಕು. 3ರಲ್ಲಿ ಪಿನ್ನು, ದಾರ, ಕತ್ತಿನ ಹಿಂದೆ ಇಣುಕುವ ಲೇಬಲ್ಲು. ಇವನ್ನು ಬಿಟ್ಟರೂ ನಡೆಯುತ್ತದೆ.

ಉಳಿದ 5 ಬಣ್ಣದ ತಕರಾರು. ಕೊನೆಯ ಹಾಡಿಗೆ ಕೆಂಪು ಲೈಟು ಬಿಟ್ಟಿದ್ದರಲ್ಲ, ಕೆಂಪು ಬೆಳಕಿನಲ್ಲಿ ಹಸಿರು ಬಟ್ಟೆ ಕಪ್ಪಾಗಿ ಕಾಣುತ್ತದೆ. 18 ಗಿಳಿಗಳೂ ಕಾಗೆಗಳಾಗಿವೆ! ಹಸಿರನ್ನು ವಾಪಸ್ ತರಬಹುದು. ಆದರೆ ಈ ತಿದ್ದುಪಡಿ ಇಡೀ ಫೋಟೊಗೆ ಆಗುವಂಥದ್ದು, ಒಂದು ಮಗುವನ್ನು ಬಿಟ್ಟು ಮಾಡಲು ಬರುವುದಿಲ್ಲ. ಒಬ್ಬರು ಬೇಡ ಅಂದರೂ ಆ 5 ಹಾಗೇ ಇರುತ್ತವೆ. ಅದರಿಂದ ನನಗೇನೂ ಬೇಸರವಿಲ್ಲ. ಅಂದಹಾಗೆ, 4 ಗಿಳಿಗಳ ಬಟ್ಟೆ ನಿಜವಾಗಲೂ ಬೇರೆ ಹಸಿರು. ಒಂದೇ ಬಟ್ಟೆ ಎಲ್ಲರಿಗೂ ಸಾಲಲಿಲ್ಲ. ಅದನ್ನು ಹೊಂದಿಸಲು ಹೋಗುವುದಿಲ್ಲ. ಗಿಳಿಗಳೆಲ್ಲ ಒಂದೇ ಹಸಿರು ಇರಬೇಕು ಅಂತ ಎಲ್ಲಿದೆ?

ಮುಖ, ಮೈಬಣ್ಣ, ಮೈಕಟ್ಟು, ಕೂದಲು ಯಾವುದನ್ನೂ ಮುಟ್ಟುವುದಿಲ್ಲ. ಯಾರನ್ನೂ ಬೆಳ್ಳಗೆ ಮಾಡುವುದಿಲ್ಲ, ತೆಳ್ಳಗೆ ಮಾಡುವುದಿಲ್ಲ. ಮೈ ಮುಚ್ಚುವುದಕ್ಕೆ ಬಟ್ಟೆಯನ್ನು ತಿದ್ದುತ್ತೇವೆಯೇ ಹೊರತು ಒಂದು ಎಳೆ ಬಟ್ಟೆಯನ್ನೂ ಕಡಿಮೆ ಮಾಡುವುದಿಲ್ಲ. ಮಂತ್ರಿಯ ಮೀಸೆಯೂ ನನ್ನ ಪಟ್ಟಿಯಲ್ಲಿಲ್ಲ.

ತಿದ್ದುವವರು ಆ ದಿನ ಫೋಟೊ ತೆಗೆದ ಫೋಟೊಗ್ರಾಫರೇ. ಶಾಲೆಯ ಆಫೀಸಿನ ಕಂಪ್ಯೂಟರಿನಲ್ಲಿ ಮಾಡುತ್ತಾರೆ, ನಾನು ಪಕ್ಕದಲ್ಲಿ ಕೂತಿರುತ್ತೇನೆ. ಫೋಟೊ ಕೊಟ್ಟರೆ ತಾನೇ ಬಟ್ಟೆ ಬದಲಿಸಿಕೊಡುವ ಆ್ಯಪ್‌ಗಳು ಈಗ ಬೇಕಾದಷ್ಟಿವೆ. ಅವುಗಳಿಗೆ ಮಕ್ಕಳ ಒಂದು ಫೋಟೊವನ್ನೂ ಹಾಕುವುದಿಲ್ಲ. ಒಮ್ಮೆ ಅಲ್ಲಿಗೆ ಹೋದ ಫೋಟೊ ಎಲ್ಲಿ ಉಳಿಯುತ್ತದೆ, ಯಾರು ನೋಡುತ್ತಾರೆ ಅನ್ನುವುದು ನಮ್ಮ ಕೈಯಲ್ಲಿ ಇರುವುದಿಲ್ಲ. ಫೋಟೊಗ್ರಾಫರ್ ಹತ್ತಿರ ಇರುವ ಪ್ರತಿಗಳನ್ನು ಫೆಬ್ರವರಿ 14ರೊಳಗೆ ನನ್ನ ಎದುರಿಗೇ ಅಳಿಸುತ್ತಾರೆ, ಹಾಗಂತ ಬರೆದು ಕೊಟ್ಟಿದ್ದಾರೆ. ಮೂಲ ಫೋಟೊಗಳು ಹೇಗಿವೆಯೋ ಹಾಗೆ ಆಫೀಸಿನಲ್ಲಿ ಬೇರೆಯಾಗಿ ಇರುತ್ತವೆ, ಕೇಳಿದರೆ ನಿಮ್ಮ ಮಗುವಿನದನ್ನು ಕೊಡುತ್ತೇವೆ. ಸಂಚಿಕೆ ಮತ್ತು ಬೋರ್ಡು ಬಿಟ್ಟು ಬೇರೆಲ್ಲೂ ಇವನ್ನು ಬಳಸುವುದಿಲ್ಲ. ತರಗತಿಯ ವಾಟ್ಸ್‌ಆ್ಯಪ್ ಗುಂಪಿಗೂ ಹಾಕುವುದಿಲ್ಲ, ನೀವೂ ದಯವಿಟ್ಟು ಹಾಕಬೇಡಿ.

ನೋಡದೆ ಒಪ್ಪಿಗೆ ಕೊಡಿ ಅಂತ ಹೇಳುವುದಿಲ್ಲ. ಇದೇ ಶುಕ್ರವಾರ, ಶನಿವಾರ (9 ಮತ್ತು 10ರಂದು) ಮಧ್ಯಾಹ್ನ 3.15ರಿಂದ 4.30ರವರೆಗೆ ನಮ್ಮ ತರಗತಿಯಲ್ಲೇ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿರುತ್ತೇನೆ. ಪಂಚೆಯ 7 ಫೋಟೊಗಳನ್ನು ಆಯಾ ಮಕ್ಕಳ ಮನೆಯವರಿಗೆ ಮಾತ್ರ ತೋರಿಸುತ್ತೇನೆ. ನಿಮ್ಮ ಮಗು ಆ 19ರಲ್ಲಿದ್ದರೆ ಯಾವ ಫೋಟೊ, ಏನು ತೊಂದರೆ ಅಂತ ಬರೆದ ಚೀಟಿ ಈ ಪತ್ರದ ಹಿಂದೆ ಅಂಟಿಸಿದೆ. ಚೀಟಿ ಇಲ್ಲದಿದ್ದರೆ ಸುಮ್ನೆ ಓದಿ ಇಟ್ಟುಕೊಳ್ಳಿ, ಉತ್ತರ ಬೇಕಿಲ್ಲ.

ಚೀಟಿ ಇರುವವರು ಮಗುವಿನ ಡೈರಿಯಲ್ಲಿ "ತಿದ್ದಬಹುದು", "ತಿದ್ದುವುದು ಬೇಡ" ಅಥವಾ "ತಿದ್ದಿದ ಮೇಲೆ ನೋಡಿ ಹೇಳುತ್ತೇವೆ" ಅಂತ ಬರೆದು, ಸಹಿ ಹಾಕಿ, 12ನೇ ತಾರೀಕು ಸೋಮವಾರದೊಳಗೆ ಕಳಿಸಿ. ಒಂದಕ್ಕಿಂತ ಜಾಸ್ತಿ ಫೋಟೊ ಇದ್ದರೆ ಒಂದೊಂದಕ್ಕೂ ಬೇರೆ ಉತ್ತರ ಕೊಡಬಹುದು. ಉತ್ತರ ಬರದಿದ್ದರೆ ಒಪ್ಪಿಗೆ ಇಲ್ಲ ಅಂತಲೇ ತಿಳಿಯುತ್ತೇನೆ. ತಿದ್ದಿದ ಪ್ರತಿ 19ನೇ ತಾರೀಕಿಗೆ ಸಿದ್ಧವಾಗುತ್ತದೆ, ಅಚ್ಚಿಗೆ ಹೋಗುವುದು 23ಕ್ಕೆ. 22ರ ಸಂಜೆಯವರೆಗೆ ಮನಸ್ಸು ಬದಲಾದರೆ ಹೇಳಿ, ತೆಗೆದುಬಿಡುತ್ತೇನೆ. ಅಚ್ಚಾದ ಮೇಲೆ ಸಂಚಿಕೆಯಿಂದ ತೆಗೆಯಲು ಆಗುವುದಿಲ್ಲ, ಬೋರ್ಡಿನಿಂದ ಯಾವಾಗ ಬೇಕಾದರೂ ತೆಗೆಯಬಹುದು.

ಇನ್ನೊಂದು ಮಾತು. ಡೈರಿಯಲ್ಲಿ ಬರೆಯುವ ಮುಂಚೆ ಮಗುವನ್ನೂ ಕೇಳಿ. ಒಂದು ಫೋಟೊದಲ್ಲಿ ಒಬ್ಬ ಗಿಳಿಯ ಒಂದು ಕಾಲಿನ ಗೆಜ್ಜೆ ಬಿಚ್ಚಿ ಬಿದ್ದಿದೆ. ಅದನ್ನೂ ಪಟ್ಟಿಗೆ ಸೇರಿಸೋಣ ಅಂತ ಅವಳನ್ನೇ ಕೇಳಿದೆ. "ಬೇಡ ಮಿಸ್, ಬಿದ್ದಿದ್ದು ನಿಜ ಅಲ್ವಾ? ಆದ್ರೂ ನಾನು ನಿಲ್ಲಿಸ್ಲಿಲ್ಲ" ಅಂದಳು. ಆ ಫೋಟೊ ಪಟ್ಟಿಯಲ್ಲಿಲ್ಲ.

ಇಂತಿ,
ನಿಮ್ಮ ವಿಶ್ವಾಸಿ,
ಕ್ಲಾಸ್ ಟೀಚರ್, 4ನೇ 'ಬಿ'